ಪಾಕಕ್ಕೆ ಹಾಕದ ಒಂದು ಜಿಲೇಬಿ

ಜಿಲೇಬಿ ಬಾಣಲೆಯಿಂದ ಎತ್ತಿದಾಗ ಗರಿಗರಿಯಾಗಿಯೇ ಇರುತ್ತೆ. ಹತ್ತು ನಿಮಿಷ ಕಳೆದು ತಟ್ಟೆ ನೋಡಿದರೆ ಬಾಡಿದ ಸೊಪ್ಪಿನ ಹಾಗೆ ಮಲಗಿರುತ್ತೆ. ಇದಕ್ಕೆ ಎಲ್ಲರೂ ಮೊದಲು ಬೈಯೋದು ಹಿಟ್ಟನ್ನ. ಹುಳಿ ಸಾಲಲಿಲ್ಲ, ಮೈದಾ ಸರಿ ಇಲ್ಲ ಅಂತ. ನನ್ನ ಸೊಸೆಯೂ ಹೋದ ತಿಂಗಳು ಹಾಗೇ ಅಂದಳು. ನಾನು ಅವಳಿಗೆ ಹೇಳಿದ್ದು ಇಷ್ಟೇ: ಇನ್ನೊಂದು ಜಿಲೇಬಿ ಕರಿ, ಅದನ್ನ ಪಾಕಕ್ಕೆ ಹಾಕಬೇಡ, ಹಾಗೇ ತಟ್ಟೆಯಲ್ಲಿಡು. ಹತ್ತು ನಿಮಿಷ ಬಿಟ್ಟು ಮುರಿದು ನೋಡು. ಪಾಕ ಕಾಣದ ಜಿಲೇಬಿಯೂ ಮೆತ್ತಗಾಗಿದ್ದರೆ ತಪ್ಪು ಕರಿದದ್ದರಲ್ಲಿ. ಅದು ಚಟ್ಟಂತ ಮುರಿದು, ಪಾಕದಲ್ಲಿ ಮುಳುಗಿದ್ದು ಮಾತ್ರ ಬಾಗಿದರೆ ತಪ್ಪು ಪಾಕದಲ್ಲಿ. ಹಿಟ್ಟಿನ ತಪ್ಪಾದರೆ ಅದು ಬಾಣಲೆಗೆ ಬಿಡುವಾಗಲೋ ಮುರಿದಾಗಲೋ ಗೊತ್ತಾಗುತ್ತೆ.

ಅವಳು ಹಿಟ್ಟನ್ನ ಸರಿಯಾಗಿಯೇ ಕಲಸಿದ್ದಳು. ಎರಡು ಲೋಟ ಮೈದಾ, ಎರಡು ದೊಡ್ಡ ಚಮಚ ಕಡಲೆಹಿಟ್ಟು, ಕಾಲು ಲೋಟ ಹುಳಿ ಮೊಸರು, ಸುಮಾರು ಒಂದೂಕಾಲು ಲೋಟ ಬೆಚ್ಚಗಿನ ನೀರು. ನೀರನ್ನ ಒಮ್ಮೆಗೇ ಸುರಿಯಬೇಡಿ, ಒಂದೊಂದು ಮೈದಾ ಒಂದೊಂದು ಥರ ನೀರು ಕುಡಿಯುತ್ತೆ. ಸೌಟಿನಿಂದ ಎತ್ತಿ ಸುರಿದರೆ ಹಿಟ್ಟು ತುಂಡಾಗದೆ ದಪ್ಪ ದಾರದ ಹಾಗೆ ಇಳಿಯಬೇಕು, ದೋಸೆ ಹಿಟ್ಟಿಗಿಂತ ಒಂದು ಕೈ ಗಟ್ಟಿ. ಮುಚ್ಚಿ ಬೆಚ್ಚಗಿರೋ ಕಡೆ ಇಟ್ಟರೆ ಹತ್ತು ಹನ್ನೆರಡು ಗಂಟೆ ಸಾಕು. ಚಳಿಯಲ್ಲಿ ಪೂರ್ತಿ ಒಂದು ದಿನ ಹಿಡಿದರೂ ಗಾಬರಿ ಬೇಡ.

ಇದು ಇಡ್ಲಿ ಹಿಟ್ಟಿನ ಹಾಗೆ ಪಾತ್ರೆ ತುಂಬಿ ಉಕ್ಕಿ ಬರೋದಿಲ್ಲ, ಹಾಗಾಗಿ ಉಬ್ಬಿಲ್ಲ ಅಂತ ಇನ್ನಷ್ಟು ಹೊತ್ತು ಬಿಡಬೇಡಿ. ಮೇಲೆ ಸಣ್ಣ ಸಣ್ಣ ಗುಳ್ಳೆ ಕಾಣಬೇಕು, ಮೂಗಿಗೆ ಹುಳಿ ವಾಸನೆ ಬರಬೇಕು, ಅಷ್ಟೇ. ಆ ಗುಳ್ಳೆಗಳೇ ಎಣ್ಣೆಯಲ್ಲಿ ಹಿಗ್ಗಿ ಜಿಲೇಬಿಯ ಒಳಗೆ ಟೊಳ್ಳು ಮಾಡೋದು. ಟೊಳ್ಳಿದ್ದರೆ ಪಾಕ ಒಳಗೆ ಕೂರುತ್ತೆ, ಹೊರಗಿನ ಗೋಡೆ ಒಣಗಿಯೇ ಇರುತ್ತೆ. ಹುಳಿ ಬಾರದ ಹಿಟ್ಟಿನ ಜಿಲೇಬಿ ಮುರಿದರೆ ಒಳಗೆ ಬ್ರೆಡ್ಡಿನ ಹಾಗೆ ಗಟ್ಟಿ ಇರುತ್ತೆ. ಹುಳಿ ಹೆಚ್ಚಾದರೆ ಹಿಟ್ಟು ನೀರಾಗಿ, ಎಣ್ಣೆಗೆ ಬಿಟ್ಟ ಸುತ್ತು ಒಂದಕ್ಕೊಂದು ಅಂಟಿ ಚಪ್ಪಟೆಯಾಗುತ್ತೆ. ಆಗ ಎರಡು ಮೂರು ಚಮಚ ಮೈದಾ ಸೇರಿಸಿ ಕಾಲು ಗಂಟೆ ಬಿಡಿ, ಸರಿಹೋಗುತ್ತೆ. ಹುಳಿ ಬಂದ ಮೇಲೆ ಹಿಟ್ಟನ್ನ ಜೋರಾಗಿ ಕಡೆಯಬೇಡಿ, ಇಡೀ ರಾತ್ರಿ ಕಾದು ಬರಿಸಿದ ಗಾಳಿ ಎಲ್ಲಾ ಹೊರಟುಹೋಗುತ್ತೆ. ಸೌಟಿನಲ್ಲಿ ನಾಲ್ಕು ಸಲ ತಿರುವಿದರೆ ಸಾಕು.

ಸರಿ, ಸೊಸೆಯ ಪರೀಕ್ಷೆಗೆ ಬರೋಣ. ಪಾಕಕ್ಕೆ ಹಾಕದೆ ಇಟ್ಟ ಜಿಲೇಬಿ ಹತ್ತು ನಿಮಿಷದಲ್ಲಿ ಅರ್ಧ ಮೆತ್ತಗಾಗಿತ್ತು. ಹೊರಗೆ ಒಳ್ಳೇ ಕೆಂಪು ಬಣ್ಣ, ಮುರಿದರೆ ಒಳಗೋಡೆಯಲ್ಲಿ ಹಸಿಹಸಿ. ಎಣ್ಣೆ ಹೊಗೆಯಾಡುವಷ್ಟು ಕಾದಿತ್ತು, ಒಂದು ನಿಮಿಷಕ್ಕೇ ಬಣ್ಣ ಬಂತು, ಅವಳು ಎತ್ತಿಬಿಟ್ಟಳು. ಒಳಗಿನ ನೀರಿನಂಶ ಹೋಗಲು ಹೊತ್ತೇ ಸಿಗಲಿಲ್ಲ. ಆ ತೇವ ಆಮೇಲೆ ಮೆಲ್ಲಗೆ ಹೊರಗಿನ ಪದರಕ್ಕೆ ಬಂದು ಅದನ್ನ ಮೆತ್ತಗೆ ಮಾಡುತ್ತೆ.

ಅಗಲವಾದ ಚಪ್ಪಟೆ ಬಾಣಲೆಯಲ್ಲಿ ಒಂದಿಂಚು ಎಣ್ಣೆ ಅಥವಾ ತುಪ್ಪ ಇದ್ದರೆ ಸಾಕು. ಥರ್ಮಾಮೀಟರ್ ಇದ್ದರೆ 170 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ. ತಳಕ್ಕೆ ಇಳಿದು, ಎರಡು ಮೂರು ಎಣಿಸುವಷ್ಟರಲ್ಲಿ ಗುಳ್ಳೆ ಬಿಡುತ್ತಾ ಮೇಲೆ ಬರಬೇಕು. ತಳದಲ್ಲೇ ಕೂತರೆ ಎಣ್ಣೆ ತಣ್ಣಗಿದೆ, ಜಿಲೇಬಿ ಎಣ್ಣೆ ಕುಡಿಯುತ್ತೆ. ಬಿದ್ದ ತಕ್ಷಣ ಚಿಮ್ಮಿ ಕೆಂಪಾದರೆ ಉರಿ ಇಳಿಸಿ. ಸಾಸ್ ಬಾಟಲಿಯಿಂದಲೋ ತೂತು ಮಾಡಿದ ಬಟ್ಟೆಯಿಂದಲೋ ಸುತ್ತು ಬಿಟ್ಟ ಮೇಲೆ ಮಧ್ಯಮ ಉರಿಯಲ್ಲಿ ಒಂದೊಂದು ಬದಿಗೆ ಸುಮಾರು ಎರಡು ನಿಮಿಷ. ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಬಿಟ್ಟರೆ ಎಣ್ಣೆ ತಣ್ಣಗಾಗುತ್ತೆ. ಬಣ್ಣ ನಂಬಬೇಡಿ, ಗುಳ್ಳೆ ನೋಡಿ. ಮೊದಲು ಜಿಲೇಬಿಯ ಸುತ್ತ ಎಣ್ಣೆ ಭೋರಂತ ಗುಳ್ಳೆ ಏಳುತ್ತೆ, ಅದು ಒಳಗಿನ ನೀರು ಆವಿಯಾಗೋದು. ಗುಳ್ಳೆ ಕಡಿಮೆಯಾಗಿ ಸದ್ದು ಅಡಗಿದಾಗ, ಜಾಲರಿ ಸೌಟಿನ ತುದಿಯಲ್ಲಿ ತಟ್ಟಿದರೆ ಕಟಕಟ ಅಂದರೆ ಎತ್ತಬಹುದು.

ಎರಡನೇ ಸಲ ಅವಳು ಹೀಗೇ ಕರಿದಳು. ಪಾಕವಿಲ್ಲದ್ದು ಗರಿಗರಿಯಾಗಿ ಉಳಿಯಿತು. ಮುಳುಗಿಸಿದ್ದು ಮತ್ತೆ ಬಾಗಿತು! ನಗು ಬಂತು ನನಗೆ, ಎರಡು ಕಡೆಯೂ ತಪ್ಪಿತ್ತು.

ಪಾಕದ ಲೆಕ್ಕ ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕುದಿಸಿ ಒಂದೆಳೆ ಬರಿಸಬೇಕು. ಒಂದು ಹನಿಯನ್ನ ತಟ್ಟೆಗೆ ಬಿಟ್ಟು ಆರಿಸಿಕೊಂಡು ಬೆರಳಲ್ಲಿ ಹಿಡಿಯಿರಿ, ಕುದಿಯೋ ಪಾಕಕ್ಕೆ ಬೆರಳು ಹಾಕಿ ಸುಟ್ಟುಕೊಳ್ಳಬೇಡಿ. ಹೆಬ್ಬೆರಳು, ತೋರುಬೆರಳು ಬಿಡಿಸಿದರೆ ಒಂದು ಎಳೆ ನಿಂತು ಕಡಿಯಬೇಕು. ಥರ್ಮಾಮೀಟರಿನಲ್ಲಿ ಸುಮಾರು 105 ಡಿಗ್ರಿ. ಬರೀ ಅಂಟಂಟಾಗಿದ್ದಾಗಲೇ ಇಳಿಸಿದರೆ ಪಾಕದಲ್ಲಿ ನೀರು ಹೆಚ್ಚಿರುತ್ತೆ, ಆ ನೀರೇ ಜಿಲೇಬಿಯನ್ನ ನೆನೆಸೋದು. ಎರಡೆಳೆಗೆ ಹೋದರೆ ಒಳಗೆ ಇಳಿಯದೆ ಮೇಲೆ ಬಿಳಿ ಸಕ್ಕರೆಯಾಗಿ ಕೂರುತ್ತೆ. ಇಳಿಸುವಾಗ ಅರ್ಧ ಚಮಚ ನಿಂಬೆರಸ ಹಾಕಿದರೆ ಪಾಕ ಬೇಗ ಹರಳುಗಟ್ಟೋದಿಲ್ಲ. ಕೇಸರಿ, ಏಲಕ್ಕಿ ನಿಮ್ಮಿಷ್ಟ.

ಅವಳು ಒಂದೆಳೆ ಬರಿಸಿಯೇ ಇಳಿಸಿದ್ದಳು. ಮತ್ತೇನಾಯಿತು? ಪಾಕ ಆರಬಾರದು ಅಂತ ಬಿಸಿಯಿದ್ದಾಗಲೇ ತಟ್ಟೆ ಮುಚ್ಚಿಟ್ಟಿದ್ದಳು. ತಟ್ಟೆ ಎತ್ತಿ ನೋಡಿದೆ, ಒಳಗೆಲ್ಲಾ ನೀರಹನಿ. ಅದೆಲ್ಲಾ ಪಾಕಕ್ಕೇ ತೊಟ್ಟಿಕ್ಕಿತ್ತು. ಮುಚ್ಚದೆ ಮತ್ತೆರಡು ನಿಮಿಷ ಕುದಿಸಿದ ಮೇಲೆ ಎಳೆ ವಾಪಸ್ ಬಂತು. ಪಾಕ ಬೆಚ್ಚಗಿರಬೇಕು ನಿಜ, ಆದರೆ ಬಾಯಿ ತೆರೆದಿರಲಿ, ಬೇಕಾದರೆ ಪಾತ್ರೆಯನ್ನ ಬಿಸಿನೀರಿನ ತಟ್ಟೆಯ ಮೇಲೆ ಕೂರಿಸಿ. ಗಟ್ಟಿಯಾಗುತ್ತಾ ಬಂದರೆ ಒಂದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ.

ಎಣ್ಣೆಯಿಂದ ಎತ್ತಿ ಅರೆಗಳಿಗೆ ಸೋರಿಸಿ ಬಿಸಿಬಿಸಿಯಾಗಿಯೇ ಪಾಕಕ್ಕೆ ಹಾಕಿ. ಒಂದೊಂದು ಬದಿಗೆ ಇಪ್ಪತ್ತು ಮೂವತ್ತು ಎಣಿಸಿದರೆ ಸಾಕು. ತೆಗೆದದ್ದನ್ನ ಜಾಲರಿಯ ಮೇಲೆ ಒಂದರ ಪಕ್ಕ ಒಂದು ಇಡಿ. ಒಂದರ ಮೇಲೊಂದು ಪೇರಿಸಿದರೆ, ಬಿಸಿಯಲ್ಲೇ ಡಬ್ಬಿಗೆ ಹಾಕಿ ಮುಚ್ಚಿದರೆ, ಮತ್ತದೇ ಆವಿ, ಅದೇ ಕಥೆ. ಮಳೆಗಾಲದಲ್ಲಿ ಎಷ್ಟು ಚೆನ್ನಾಗಿ ಮಾಡಿದರೂ ಒಂದೆರಡು ಗಂಟೆಯಲ್ಲಿ ಮೆತ್ತಗಾಗಬಹುದು, ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತೆ. ಅಂಥ ದಿನ ಜಿಲೇಬಿಯನ್ನ ಕರಿದು ಪಾಕಕ್ಕೆ ಹಾಕದೆ, ಪೂರ್ತಿ ಆರಿಸಿ ಡಬ್ಬಿಯಲ್ಲಿಡಿ. ಬಡಿಸುವ ಮುಂಚೆ ಎಣ್ಣೆಯಲ್ಲಿ ಅರ್ಧ ನಿಮಿಷ ಬಿಸಿ ಮಾಡಿ ಬೆಚ್ಚನೆ ಪಾಕಕ್ಕೆ ಅದ್ದಿ ಕೊಡಿ.