ಕುದಿ ಮರಳಿದ ಮೇಲೆ ತೊಂಬತ್ತು ಸೆಕೆಂಡು

ಜನವರಿ ಬಂತೆಂದರೆ ಪುಣೆಯ ಮಂಡಈ ಮಾರುಕಟ್ಟೆ ಬಟಾಣಿಯಿಂದ ಹಸಿರಾಗುತ್ತದೆ. ಧಾರವಾಡದಿಂದ ಇಲ್ಲಿಗೆ ಬಂದ ಹೊಸತರಲ್ಲಿ ಆ ರಾಶಿ ಕಂಡು ಆಸೆಪಟ್ಟು ಐದು ಕಿಲೋ ಹೊತ್ತು ತಂದೆ. ಅತ್ತೆಯವರು ಮತ್ತು ನಾನು ಕೂತು ಸುಲಿದಾಗ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ಕಾಳು ಸಿಕ್ಕಿತು. ಕುದಿಯುವ ನೀರಿಗೆ ಒಂದೂವರೆ ನಿಮಿಷ ಹಾಕಿ ತೆಗೆದು ತಣ್ಣಗೆ ಮಾಡಿ ಫ್ರೀಜರಿನಲ್ಲಿಡಬೇಕು ಎಂದು ಓದಿದ್ದೆ, ಹಾಗೆಯೇ ಮಾಡಿದೆ. ನಾಲ್ಕು ಲೀಟರ್ ನೀರು ಕುದಿಸಿ, ಅಷ್ಟೂ ಕಾಳನ್ನು ಒಮ್ಮೆಗೇ ಸುರಿದು, ಗಡಿಯಾರ ನೋಡಿ ಒಂದೂವರೆ ನಿಮಿಷಕ್ಕೆ ಬಸಿದೆ.

ಮಾರ್ಚಿನವರೆಗೆ ಎಲ್ಲ ಚೆನ್ನಾಗಿತ್ತು. ಏಪ್ರಿಲಿನಲ್ಲಿ ಉಪ್ಪಿಟ್ಟಿಗೆಂದು ಒಂದು ಚೀಲ ಬಿಚ್ಚಿದರೆ ಒಣಹುಲ್ಲಿನ ವಾಸನೆ. ಕಾಳಿನ ಬಣ್ಣ ಮಾಸಿತ್ತು, ಸಿಹಿ ಹೋಗಿ ಹಿಂದೆ ಸಣ್ಣ ಕಹಿ ಉಳಿದಿತ್ತು. "ದನಕ್ಕೆ ಹಾಕುವ ಹಾಗಿದೆಯಲ್ಲೇ" ಎಂದರು ಅತ್ತೆ. ಕೆಟ್ಟಿರಲಿಲ್ಲ, ತಿಂದರೆ ಹೊಟ್ಟೆ ನೋಯುವಂಥದ್ದೂ ಆಗಿರಲಿಲ್ಲ. ಆದರೆ ಉಪ್ಪಿಟ್ಟನ್ನು ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ತಪ್ಪು ಗಡಿಯಾರದ್ದಲ್ಲ, ಎಲ್ಲಿಂದ ಎಣಿಸಿದೆ ಎಂಬುದರದ್ದು. ಎರಡು ಕಿಲೋ ತಣ್ಣನೆಯ ಕಾಳು ಬಿದ್ದ ಕೂಡಲೇ ನಾಲ್ಕು ಲೀಟರ್ ನೀರಿನ ಬಿಸಿ ನೂರು ಡಿಗ್ರಿಯಿಂದ ಎಂಬತ್ತರ ಕೆಳಗೆ ಇಳಿಯುತ್ತದೆ. ನಾನು ಎಣಿಸಿದ ಒಂದೂವರೆ ನಿಮಿಷದಲ್ಲಿ ಅದು ಒಮ್ಮೆಯೂ ಕುದಿಗೆ ಬಂದಿರಲಿಲ್ಲ. ಕಾಳಿನೊಳಗೆ ಕಿಣ್ವಗಳಿರುತ್ತವೆ. ಬಟಾಣಿಯ ಕೊಬ್ಬಿನಂಶವನ್ನು ಒಡೆದು ಆ ಹುಲ್ಲಿನ ವಾಸನೆ ತರುವ ಲಿಪಾಕ್ಸಿಜನೇಸ್ ಅವುಗಳಲ್ಲೊಂದು. ಫ್ರೀಜರಿನ ಚಳಿ ಇವನ್ನು ನಿಧಾನಗೊಳಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಕೊಲ್ಲುವುದು ಕುದಿನೀರು. ಅರೆಬಿಸಿ ನೀರಿನಲ್ಲಿ ಅವು ಸಾಯುವ ಬದಲು ಇನ್ನಷ್ಟು ಚುರುಕಾಗುತ್ತವೆ. ಹೀಗೆ ಕುದಿನೀರಿಗೆ ಹಾಕಿ ತೆಗೆದು ತಣಿಸುವುದಕ್ಕೆ ಬ್ಲಾಂಚ್ ಮಾಡುವುದು ಎನ್ನುತ್ತಾರೆ. ಹಾಗಾಗಿ ಅರ್ಧಂಬರ್ಧ ಬ್ಲಾಂಚ್ ಮಾಡಿದ ಬಟಾಣಿ, ಏನೂ ಮಾಡದೆ ಇಟ್ಟ ಬಟಾಣಿಗಿಂತ ಕಡೆ.

ಮರುವರ್ಷ ಪ್ರಮಾಣ ಇಳಿಸಿದೆ. ನಾಲ್ಕು ಲೀಟರಿಗೆ ಅರ್ಧ ಕಿಲೋ ಎನ್ನುವುದು ರೂಢಿಯ ಲೆಕ್ಕ. ಕಾಳು ಹಾಕಿದ ಒಂದು ನಿಮಿಷದೊಳಗೆ ನೀರು ಮತ್ತೆ ಕುದಿಯಬೇಕು, ಕುದಿಯದಿದ್ದರೆ ಕಾಳು ಹೆಚ್ಚಾಯಿತು ಎಂದರ್ಥ. ನನ್ನ ಗ್ಯಾಸ್ ಒಲೆಯ ದೊಡ್ಡ ಬರ್ನರಿನಲ್ಲಿ ಅರ್ಧ ಕಿಲೋಗೆ ಒಂದು ನಿಮಿಷ ಮೀರುತ್ತದೆ. ಆದ್ದರಿಂದ ಮುನ್ನೂರು ಗ್ರಾಂಗೆ ನಿಂತೆ. ಕಾಳನ್ನು ಉದ್ದ ಹಿಡಿಯ ಜರಡಿಯಲ್ಲಿ ಇಳಿಬಿಟ್ಟು ಮುಚ್ಚಳ ಹಾಕುತ್ತೇನೆ. ಗುಳ್ಳೆಗಳು ಮತ್ತೆ ಭರದಿಂದ ಏಳುವುದು ಕಂಡ ಮೇಲೆ 90 ಸೆಕೆಂಡು. ತೆಗೆದ ತಕ್ಷಣ ಐಸ್ ನೀರಿಗೆ, ಅಷ್ಟೇ ಹೊತ್ತು, ಇಲ್ಲವೇ ಒಳಗೂ ತಣ್ಣಗಾಗುವವರೆಗೆ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರೆ ಗೊತ್ತಾಗುತ್ತದೆ: ಒಳಗೆ ಬೆಚ್ಚಗಿದ್ದರೆ ಇನ್ನೂ ಬೇಯುತ್ತಿದೆ. ಐಸನ್ನು ಹಿಂದಿನ ರಾತ್ರಿಯೇ ಸ್ಟೀಲ್ ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸಿಡುತ್ತೇನೆ, ಟ್ರೇಯ ತುಂಡುಗಳು ಎರಡು ಸರದಿಗೇ ಮುಗಿದುಹೋಗುತ್ತವೆ. ಕುದಿನೀರನ್ನು ಬದಲಿಸುವುದಿಲ್ಲ, ಆವಿಯಾದಷ್ಟು ಮಾತ್ರ ಸೇರಿಸುತ್ತೇನೆ. ಐದು ಕಿಲೋ ಕಾಯಿಗೆ ಏಳೆಂಟು ಸರದಿ, ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಸುಲಿಯುವುದಕ್ಕೆ ಮಾತ್ರ ಇಡೀ ಮಧ್ಯಾಹ್ನ ಬೇಕು.

ಪಕ್ಕದ ಮನೆಯ ಕಾಕು ಚಿಟಿಕೆ ಸೋಡಾ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳಿಕೊಟ್ಟರು. ನಿಲ್ಲುತ್ತದೆ, ನಿಜ. ಆದರೆ ಕಾಳು ಮೆತ್ತಗಾಗುತ್ತದೆ, ವಿಟಮಿನ್ ಸಿ ಕೂಡ ಹಾಳಾಗುತ್ತದೆ. ಸರಿಯಾಗಿ ಕುದಿಸಿ ತಣಿಸಿದ ಬಟಾಣಿಗೆ ಸೋಡಾದ ಹಂಗೇ ಇಲ್ಲ.

ಬೀನ್ಸಿಗೆ, ಇಲ್ಲಿಯವರ ಬಾಯಲ್ಲಿ ಫರಸಬಿಗೆ, ಮೂರು ನಿಮಿಷ. ಅಂಗುಲದ ತುಂಡು ಮಾಡಿಕೊಂಡರೆ ಎಲ್ಲವೂ ಒಂದೇ ಹದಕ್ಕೆ ಬರುತ್ತವೆ. ಬಲಿತ ಬೀನ್ಸ್ ಎಷ್ಟು ಕುದಿಸಿದರೂ ನಾರೇ, ಅದನ್ನು ಅಂದೇ ಹುಳಿಗೆ ಹಾಕಿ ಮುಗಿಸಿಬಿಡುತ್ತೇನೆ.

ಸಿಹಿಜೋಳದ ವಿಚಾರ ಬೇರೆ. ಕಾಳು ಬಿಡಿಸಿ ಕುದಿಸಿದರೆ ಅದರ ಹಾಲೆಲ್ಲ ನೀರಿಗೆ ಹೋಗುತ್ತದೆ. ಇಡೀ ತೆನೆಯನ್ನೇ ಕುದಿನೀರಿನಲ್ಲಿ ನಾಲ್ಕು ನಿಮಿಷ ಇಟ್ಟು, ಐಸ್ ನೀರಿನಲ್ಲಿ ತಣಿಸಿ, ಆಮೇಲೆ ಚಾಕುವಿನಿಂದ ಕಾಳನ್ನು ಮುಕ್ಕಾಲು ಆಳಕ್ಕೆ ಕೊಯ್ಯಬೇಕು. ಬುಡದವರೆಗೆ ಕೆರೆದರೆ ದಿಂಡಿನ ಕೊರಡು ವಾಸನೆ ಸೇರುತ್ತದೆ. ತೆನೆಯಾಗಿಯೇ ಇಡುವುದಾದರೆ ನಾಲ್ಕು ನಿಮಿಷ ಸಾಲದು: ಸಣ್ಣದಕ್ಕೆ ಏಳು, ದೊಡ್ಡದಕ್ಕೆ ಹನ್ನೊಂದು, ಏಕೆಂದರೆ ಬಿಸಿ ದಿಂಡಿನ ನಡುವಿಗೂ ಇಳಿಯಬೇಕು. ಅದನ್ನು ತಣಿಸಲಿಕ್ಕೂ ಅಷ್ಟೇ ತಾಳ್ಮೆ ಬೇಕು. ನಾನಂತೂ ತೆನೆ ಇಡುವುದು ಬಿಟ್ಟಿದ್ದೇನೆ, ಜಾಗ ತಿನ್ನುತ್ತದೆ.

"ಇಷ್ಟೆಲ್ಲ ಕುದಿಸಿ, ತಿಂಗಳುಗಟ್ಟಲೆ ಹೆಪ್ಪುಗಟ್ಟಿಸಿದರೆ ಅದರಲ್ಲಿ ಸತ್ವ ಏನು ಉಳಿಯುತ್ತದೆ?" ಎಂದು ಅತ್ತೆ ಕೇಳಿದ್ದರು. ಒಂದಿಷ್ಟು ಹೋಗುತ್ತದೆ. ವಿಟಮಿನ್ ಸಿ ಮತ್ತು ಬಿ ಗುಂಪಿನ ಕೆಲವು ನೀರಿನಲ್ಲಿ ಕರಗುವಂಥವು, ಬ್ಲಾಂಚ್ ಮಾಡುವಾಗಲೇ ಅವುಗಳ ಒಂದು ಭಾಗ ಸೋರುತ್ತದೆ. ಹೊತ್ತು ಮೀರಿ ಕುದಿಸಬಾರದು ಎನ್ನುವುದು ಅದಕ್ಕೇ. ನಾರು, ಪ್ರೋಟೀನ್, ಖನಿಜಗಳು ಬಹುಪಾಲು ಉಳಿಯುತ್ತವೆ. ಆಮೇಲೆ −18 ಡಿಗ್ರಿಯಲ್ಲಿ ಕಿಣ್ವಗಳೂ ಇಲ್ಲ, ಸೂಕ್ಷ್ಮಜೀವಿಗಳೂ ಬೆಳೆಯುವುದಿಲ್ಲ, ನಷ್ಟ ಬಹಳ ನಿಧಾನ.

ಇನ್ನು "ತಾಜಾ" ಬಟಾಣಿಯನ್ನೇ ನೋಡಿ. ಗಿಡದಿಂದ ಕಿತ್ತ ಗಳಿಗೆಯಿಂದ ಅದು ಉಸಿರಾಡುತ್ತಲೇ ಇರುತ್ತದೆ, ತನ್ನ ಸಕ್ಕರೆಯನ್ನು ತಾನೇ ತಿನ್ನುತ್ತದೆ, ಒಂದಿಷ್ಟನ್ನು ಪಿಷ್ಟ ಮಾಡಿಕೊಳ್ಳುತ್ತದೆ. ವಿಟಮಿನ್ ಸಿ ದಿನದಿನಕ್ಕೆ ಇಳಿಯುತ್ತದೆ. ಲಾರಿಯಲ್ಲಿ ಎರಡು ದಿನ, ಮಾರುಕಟ್ಟೆಯಲ್ಲಿ ಒಂದು ದಿನ, ನಮ್ಮ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ ನಾಲ್ಕು ದಿನ ಕಳೆದ ಕಾಯಿಯನ್ನು ತಾಜಾ ಎನ್ನುವುದು ಬರೀ ಮರ್ಯಾದೆಗೆ. ಬೆಳಿಗ್ಗೆ ಕಿತ್ತು ಮಧ್ಯಾಹ್ನ ಬೇಯಿಸಿದ ಬಟಾಣಿಯನ್ನು ಫ್ರೀಜರಿನದು ಮೀರಿಸಲಾರದು. ಆದರೆ ಆ ಭಾಗ್ಯ ಪುಣೆಯ ಮೂರನೆಯ ಮಹಡಿಯವರಿಗೆ ಎಲ್ಲಿಯದು? ಅದಕ್ಕೇ ನಾನು ತಂದ ದಿನವೇ ಸುಲಿದು ಮುಗಿಸುತ್ತೇನೆ. ವಾರ ಕಳೆದ ಕಾಯಿಯನ್ನು ಹೆಪ್ಪುಗಟ್ಟಿಸಿದರೆ ಉಳಿಯುವುದು ವಾರದ ಹಳತೇ.

ಮನೆಯ ಫ್ರೀಜರ್ ಕಾರ್ಖಾನೆಯದರಂತೆ ಗಳಿಗೆಯಲ್ಲಿ ಹೆಪ್ಪುಗಟ್ಟಿಸುವುದಿಲ್ಲ. ನಿಧಾನವಾದಷ್ಟೂ ಐಸಿನ ಹರಳುಗಳು ದೊಡ್ಡದಾಗಿ ಬೆಳೆದು ತರಕಾರಿಯ ಜೀವಕೋಶಗಳನ್ನು ಹರಿಯುತ್ತವೆ, ಕರಗಿದಾಗ ಬೀನ್ಸ್ ಜೋಲುವುದು ಇದರಿಂದ. ಆದ್ದರಿಂದ ಕಾಳನ್ನು ಹತ್ತಿ ಬಟ್ಟೆಯ ಮೇಲೆ ಒರೆಸಿ, ಸ್ಟೀಲ್ ತಟ್ಟೆಗಳಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಡುತ್ತೇನೆ. ಗೋಲಿಯಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಗಾಳಿಯನ್ನು ಒತ್ತಿ ಹೊರಹಾಕಿ ಮುಚ್ಚುತ್ತೇನೆ. ಒಂದೇ ದಿನ ಎರಡು ಕಿಲೋ ತುರುಕಿದರೆ ಫ್ರೀಜರೇ ಬಿಸಿಯಾಗುತ್ತದೆ. ಒಂದು ಕಿಲೋ ಇಂದು ಇಡುತ್ತೇನೆ, ಉಳಿದದ್ದನ್ನು ತಣಿಸಿ ಫ್ರಿಜ್ಜಿನಲ್ಲಿಟ್ಟು ನಾಳೆ. ಬೇಯಿಸುವಾಗ ಕರಗಿಸುವುದಿಲ್ಲ, ನೇರ ಬಾಣಲೆಗೆ. ಕರಗಿದ ನೀರಿನೊಂದಿಗೆ ಸಿ ಕೂಡ ಹರಿದುಹೋಗುತ್ತದೆ. ಬೆಂದು ಅರ್ಧ ಮುಗಿದ ಕಾಳಾದ್ದರಿಂದ ಉಪ್ಪಿಟ್ಟಿಗೆ ಕೊನೆಯ ಎರಡು ನಿಮಿಷ ಸಾಕು.

ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ಹೋಗುವುದು ರೂಢಿ. ಅಂದು ಕರೆಂಟ್ ಬರುವವರೆಗೆ ಫ್ರೀಜರಿನ ಬಾಗಿಲು ತೆರೆಯುವುದಿಲ್ಲ. ಸಂಜೆ ಒಂದು ಚೀಲ ಎತ್ತಿ ಅಲ್ಲಾಡಿಸುತ್ತೇನೆ. ಕಾಳುಗಳು ಗಲಗಲ ಎಂದರೆ ಏನೂ ಆಗಿಲ್ಲ. ಗಡ್ಡೆಯಾಗಿದ್ದರೆ ನಡುವೆ ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ, ಆ ಚೀಲ ಮರುದಿನವೇ ಪಲ್ಯಕ್ಕೆ.