‘ಪರಿಗಣಿಸಿ’ ಅಂದರೆ ‘ಕೊಡಿ’ ಅಲ್ಲ: ನನ್ನ ಅನುಭವ

ಭೂಸ್ವಾಧೀನದ ಕೇಸೊಂದರಲ್ಲಿ ಬಂದ 64 ಪುಟದ ಹೈಕೋರ್ಟ್ ತೀರ್ಪನ್ನು ಊರವರಿಗಾಗಿ 2 ಪುಟಕ್ಕೆ ಇಳಿಸಿದ್ದೆ. ಓದಿ ಮುಗಿಸಿದ ಕೂಡಲೇ ಹಿರಿಯರೊಬ್ಬರು, ‘ಹಂಗಾದ್ರೆ ಎಂಟು ವಾರದಾಗೆ ದುಡ್ಡು ಬರ್ತದಲ್ಲ ಮೇಡಂ?’ ಎಂದರು. ಎದೆ ಧಸಕ್ಕೆಂದಿತು. ನಾನು ಬರೆದದ್ದೇ ಹಾಗಿತ್ತು: ‘ಹೆಚ್ಚುವರಿ ಪರಿಹಾರವನ್ನು 8 ವಾರದಲ್ಲಿ ಇತ್ಯರ್ಥ ಮಾಡಬೇಕು.’

ಮೂಲದಲ್ಲಿದ್ದುದು ಬೇರೆ. ಅರ್ಜಿದಾರರು ಮನವಿ ಸಲ್ಲಿಸಬಹುದು. ಸಲ್ಲಿಸಿದರೆ ಅಧಿಕಾರಿ ಅದನ್ನು ಕಾನೂನಿನ ಪ್ರಕಾರ ಪರಿಗಣಿಸಿ, ಮನವಿಯೂ ಆದೇಶದ ದೃಢೀಕೃತ ಪ್ರತಿಯೂ ತಲುಪಿದ ದಿನದಿಂದ 8 ವಾರದೊಳಗೆ ತೀರ್ಮಾನಿಸಬೇಕು. ಅಂದರೆ ಇವರಾಗಿ ಹೋಗಿ ಕೊಡದಿದ್ದರೆ ಲೆಕ್ಕವೇ ಶುರುವಾಗದು. ಕೊಟ್ಟ ಮೇಲೂ ಉತ್ತರ ‘ಇಲ್ಲ’ ಎಂದು ಬರಬಹುದು.

ಮೊದಲ ಪುಟದಿಂದ ಸಾರಾಂಶ ಮಾಡುತ್ತಾ ಬಂದದ್ದೇ ಎಡವಟ್ಟು. ವಕೀಲರ ವಾದವನ್ನು ದಾಖಲಿಸಿದ ಪುಟಗಳ ಮಾತೂ ನನ್ನ ತಲೆಯಲ್ಲಿ ಆದೇಶವಾಗಿಬಿಟ್ಟಿತ್ತು. ಎರಡನೇ ಸಲ ಕೊನೆಯ ಆದೇಶ ಭಾಗದಿಂದ ಹೊರಟೆ. ಪ್ರತಿ ವಾಕ್ಯಕ್ಕೂ ಯಾರು, ಏನು, ಯಾವ ದಿನದಿಂದ ಎಷ್ಟು ದಿನ ಎಂದು ಕೇಳಿಕೊಂಡೆ. ‘ಬಹುದು’ ಇದ್ದಲ್ಲಿ ‘ಬೇಕು’ ನುಸುಳದಂತೆ ನೋಡಿಕೊಂಡೆ.

‘ಯಥಾಸ್ಥಿತಿ’ ಎಂಬ ಪದ ಮಾತ್ರ ಸತಾಯಿಸಿತು. ‘ಜಮೀನು ಉಳಿಯಿತು’ ಎಂದರೆ ಸುಳ್ಳಾಗುತ್ತದೆ. ಕೊನೆಗೆ ಹೀಗೆ ಬರೆದೆ: ‘ತೀರ್ಮಾನವಾಗುವ ತನಕ ಈಗ ಹೇಗಿದೆಯೋ ಹಾಗೇ ಇರಬೇಕು. ಅಧಿಕಾರಿಗಳೂ ಬದಲಿಸುವಂತಿಲ್ಲ, ನೀವೂ ಹೊಸದೇನೂ ಕಟ್ಟುವಂತಿಲ್ಲ.’ ಇದು ಅರ್ಜಿದಾರರಿಗೆ ಮಾತ್ರ ಎಂದು ಅವರ ಸರ್ವೆ ನಂಬರುಗಳನ್ನೂ ಮೂಲ ನೋಡಿ ಸೇರಿಸಿದೆ.

ಮತ್ತೆ ಓದಿದೆ. ‘ಅರ್ಥವಾಯಿತಾ?’ ಎನ್ನದೆ, ‘ನಾಳೆ ಏನು ಮಾಡ್ತೀರಿ?’ ಎಂದು ಕೇಳಿದೆ. ‘ಕೋರ್ಟ್ ಕಾಪಿ ಇಟ್ಟು ಅರ್ಜಿ ಕೊಡ್ತೀವಿ, ಸೀಲು ಹಾಕಿಸ್ಕೊಂಡು ಅವತ್ತಿಂದ ವಾರ ಎಣಿಸ್ತೀವಿ’ ಎಂದರು ಅದೇ ಹಿರಿಯರು.