ಬಾಡಿಗೆ ಏರಿದ್ದು ಕೂಡಿಯೋ, ಗುಣಿಸಿಯೋ?

ಬಸವನಗುಡಿಯ ನಮ್ಮ ಮನೆಯಲ್ಲಿ ಪ್ರಥಮ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ಶ್ರೇಢಿಗಳ ಪಾಠವನ್ನು ನಾನು ಮನೆ ಬಾಡಿಗೆಯಿಂದಲೇ ಆರಂಭಿಸುತ್ತೇನೆ. ವರ್ಷಕ್ಕೊಮ್ಮೆ ಬಾಡಿಗೆ ಏರುತ್ತದೆ ಎಂಬುದನ್ನು ಬೆಂಗಳೂರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೆಯ ತರಗತಿಯಲ್ಲಿ ಸಮಾಂತರ ಶ್ರೇಢಿಯನ್ನು ಅರೆದು ಕುಡಿದು ಬಂದಿರುವುದರಿಂದ, ಮೊತ್ತ ಎಂದ ಕೂಡಲೇ ಅವರ ಕೈ ಆ ಸೂತ್ರವನ್ನೇ ಬರೆಯತೊಡಗುತ್ತದೆ. ಅದನ್ನು ತಡೆಯುವುದೇ ನನ್ನ ಮೊದಲ ಕೆಲಸ.

ಹಲಗೆಯ ಮೇಲೆ ಎರಡು ಕರಾರು ಬರೆಯುತ್ತೇನೆ. ಎರಡರಲ್ಲೂ ಮೊದಲ ವರ್ಷ ತಿಂಗಳಿಗೆ 10,000 ರೂಪಾಯಿ. ಒಂದರಲ್ಲಿ ಪ್ರತಿ ವರ್ಷ 1,000 ರೂಪಾಯಿ ಹೆಚ್ಚಳ, ಇನ್ನೊಂದರಲ್ಲಿ ಶೇಕಡಾ 10. ಎರಡನೆಯ ವರ್ಷ ಎರಡೂ 11,000ಕ್ಕೇ ಬಂದು ನಿಲ್ಲುತ್ತವೆ. "ಸರ್, ಎರಡೂ ಒಂದೇ ಅಲ್ಲವೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೂರನೆಯ ಪದ ಬರೆಯಿರಿ ಎನ್ನುತ್ತೇನೆ. ಒಂದು 12,000, ಮತ್ತೊಂದು 12,100. ಎರಡು ಪದಗಳನ್ನಷ್ಟೇ ನೋಡಿ ಶ್ರೇಢಿ ಯಾವುದೆಂದು ಹೇಳಲಾಗದು. ಮೂರನ್ನು ಬರೆದು, ಅಕ್ಕಪಕ್ಕದ ಪದಗಳನ್ನು ಕಳೆದು ನೋಡಬೇಕು, ಭಾಗಿಸಿಯೂ ನೋಡಬೇಕು. ಕಳೆದಾಗ ಒಂದೇ ಉತ್ತರ ಬಂದರೆ ಸಮಾಂತರ, ಭಾಗಿಸಿದಾಗ ಒಂದೇ ಉತ್ತರ ಬಂದರೆ ಗುಣೋತ್ತರ.

ಆಮೇಲೆ ಐದು ವರ್ಷಗಳ ಲೆಕ್ಕ. ಮೊದಲ ಕರಾರಿನ ಕೊನೆಯ ಪದ 14,000 ಎಂದು ಬಾಯಲ್ಲೇ ಬರುತ್ತದೆ. ಪದಗಳ ಸಂಖ್ಯೆ n, ಮೊದಲ ಪದ a, ಕೊನೆಯ ಪದ l ಕೈಯಲ್ಲಿದ್ದರೆ ಮೊತ್ತಕ್ಕೆ S = n/2 × (a + l) ಸಾಕು, 60,000 ಸಿಗುತ್ತದೆ. ಕೊನೆಯ ಪದ ತಿಳಿಯದಿದ್ದಾಗ ಮಾತ್ರ, ಪ್ರತಿ ವರ್ಷದ ಹೆಚ್ಚಳವನ್ನು d ಎಂದಿಟ್ಟುಕೊಂಡು S = n/2 × (2a + (n − 1)d) ಬಳಸಿದರಾಯಿತು. ಎರಡನೆಯ ಕರಾರಿಗೆ S = a(rⁿ − 1)/(r − 1), ಇಲ್ಲಿ ಪ್ರತಿ ಪದವನ್ನು ಗುಣಿಸುವ ಸಂಖ್ಯೆ r = 1.1. ಉತ್ತರ 61,051. ವರ್ಷಕ್ಕೆ ಹನ್ನೆರಡು ತಿಂಗಳಾದ್ದರಿಂದ 12ರಿಂದ ಗುಣಿಸಿದರೆ 7,20,000 ಮತ್ತು 7,32,612 ರೂಪಾಯಿ.

ಗುಣೋತ್ತರ ಶ್ರೇಢಿಗೆ ಸಮಾಂತರದ ಸೂತ್ರ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಮಾಡಿಸುತ್ತೇನೆ. ಕೊನೆಯ ಪದ 14,641. ಮೊದಲ ಮತ್ತು ಕೊನೆಯ ಪದಗಳ ಸರಾಸರಿಯನ್ನು ಐದರಿಂದ ಗುಣಿಸಿದರೆ 61,602.50. ಸರಿಯುತ್ತರಕ್ಕೆ ಎಷ್ಟು ಹತ್ತಿರವೆಂದರೆ, ತಪ್ಪಾಗಿದೆ ಎಂಬ ಅನುಮಾನವೇ ಬರುವುದಿಲ್ಲ. ಹಿಡಿಯುವ ದಾರಿ ನಡುವಿನ ಪದ. ಸಮಾಂತರದಲ್ಲಿ ಅದು ಎರಡು ತುದಿಗಳ ಸರಾಸರಿ. ಇಲ್ಲಿ ಸರಾಸರಿ 12,320.50, ನಡುವಿನ ಪದವೋ 12,100. ಆದರೆ 12,100ರ ವರ್ಗ ಎರಡು ತುದಿಗಳ ಗುಣಲಬ್ಧಕ್ಕೆ ಸರಿಯಾಗಿ ಸಮ. ಅಲ್ಲಿಗೆ ಅದು ಗುಣೋತ್ತರವೇ.

ಪದಗಳ ಸಂಖ್ಯೆಯಲ್ಲೂ ಎಡವುತ್ತಾರೆ. ಐದು ವರ್ಷವೆಂದರೆ 60 ತಿಂಗಳು ಎಂದು n = 60 ಹಾಕಿದರೆ ಮೊದಲ ಕರಾರಿನ ಮೊತ್ತ 23,70,000 ಆಗಿಬಿಡುತ್ತದೆ. ಅತಿ ಹೆಚ್ಚಿನ ಬಾಡಿಗೆಯಾದ 14,000ವನ್ನೇ 60 ತಿಂಗಳು ಕಟ್ಟಿದರೂ 8,40,000 ದಾಟದು. ಬಾಡಿಗೆ ಏರುವುದು ವರ್ಷಕ್ಕೊಮ್ಮೆ, ಆದ್ದರಿಂದ n = 5.

ಕೊನೆಗೆ, ಮಾಲೀಕರು ಬಾಡಿಗೆ ಏರಿಸದೇ ಹೋದರೆ? ಆಗ r = 1. ಸೂತ್ರದ ಛೇದ ಸೊನ್ನೆಯಾಗುವುದರಿಂದ ಅದನ್ನು ಬಳಸುವಂತಿಲ್ಲ. ಪದಗಳೆಲ್ಲ ಒಂದೇ ಆದ್ದರಿಂದ ಮೊತ್ತ n × a, ಅಂದರೆ 50,000.